ನಮ್ಮವರಿಗೇ ನಮ್ಮ ಸ್ವಾಗತ: ವಿಭಾಗಕ್ಕೆ ಹೊಸ ಮುಖ್ಯಸ್ಥರು ಬಂದ ದಿನದ ನಾಲ್ಕು ನಿಮಿಷ

ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿಭಾಗಗಳಲ್ಲಿ ಮುಖ್ಯಸ್ಥರ ಹೊಣೆ ಸಾಮಾನ್ಯವಾಗಿ ಸರದಿಯ ಮೇಲೆ ಬರುತ್ತದೆ. ಒಬ್ಬರ ಅವಧಿ ಮುಗಿಯುತ್ತಿದ್ದಂತೆ ಜ್ಯೇಷ್ಠತಾ ಪಟ್ಟಿಯಲ್ಲಿ ಮುಂದಿರುವ ಪ್ರಾಧ್ಯಾಪಕರ ಹೆಸರಿಗೆ ಆದೇಶ ಹೊರಡುತ್ತದೆ. ಹೀಗಾಗಿ ಹೊಸ ಮುಖ್ಯಸ್ಥರು ಹೆಚ್ಚಿನ ಸಲ ಎಲ್ಲಿಂದಲೋ ಬಂದವರಾಗಿರುವುದಿಲ್ಲ. ನಿನ್ನೆಯವರೆಗೆ ಪಕ್ಕದ ಕೋಣೆಯಲ್ಲಿ ಕೂತು ನಮ್ಮೊಡನೆ ಕಾಫಿ ಕುಡಿದವರೇ ಇವತ್ತು ಆ ಕುರ್ಚಿಯಲ್ಲಿರುತ್ತಾರೆ. ಹಳೆಯ ಮುಖ್ಯಸ್ಥರೂ ಊರು ಬಿಟ್ಟು ಹೋಗುವುದಿಲ್ಲ. ನಾಳೆ ಬೆಳಿಗ್ಗೆ ಅದೇ ಕಾರಿಡಾರಿನಲ್ಲಿ ಹಾಜರಿ ಪುಸ್ತಕ ಹಿಡಿದುಕೊಂಡು ತರಗತಿಗೆ ನಡೆಯುತ್ತಾರೆ.

ಈ ದಿನ ಸ್ವಾಗತ ಭಾಷಣ ಮಾಡಬೇಕಾದವರ ಇಕ್ಕಟ್ಟು ಇಲ್ಲಿಂದಲೇ ಶುರುವಾಗುತ್ತದೆ. ಹದಿನೈದು-ಇಪ್ಪತ್ತು ವರ್ಷದಿಂದ ಮನೆಯವರಾಗಿರುವವರಿಗೆ ‘ಬನ್ನಿ’ ಎನ್ನುವುದು ಹೇಗೆ? ಹೊಸಬರನ್ನು ಹೊಗಳುವಾಗ ಮುಂದಿನ ಸಾಲಿನಲ್ಲಿ ಕೂತ ಹಳಬರ ಮುಖ ಸಣ್ಣದಾಗದಂತೆ ಮಾತಾಡುವುದು ಹೇಗೆ? ಬೀಳ್ಕೊಡುಗೆಯ ಭಾಷಣದಲ್ಲಿ ಹೊರಡುವವರ ಬಗ್ಗೆ ಎಷ್ಟು ಹೇಳಿದರೂ ನಡೆಯುತ್ತದೆ, ಅತಿಥಿಯ ಸ್ವಾಗತದಲ್ಲಿ ಪರಿಚಯ ಪತ್ರ ಓದಿದರೂ ನಡೆಯುತ್ತದೆ. ಇಲ್ಲಿ ಎರಡೂ ನಡೆಯುವುದಿಲ್ಲ. ಮಾತು ಕೇಳುತ್ತಿರುವವರೆಲ್ಲ ಆ ವ್ಯಕ್ತಿಯನ್ನು ಬಲ್ಲವರು. ಒಂದು ವಿಶೇಷಣ ಹೆಚ್ಚಾದರೂ ಸಭೆಯಲ್ಲಿ ಕಣ್ಣು ಕಣ್ಣು ಸೇರುತ್ತವೆ.

ಒಂದು ವಿಷಯ ಮೊದಲೇ ತಿಳಿದಿದ್ದರೆ ಭಾಷಣದ ಭಾರ ಅರ್ಧ ಇಳಿಯುತ್ತದೆ. ಅಧಿಕಾರ ಕೈಬದಲಾಗುವುದು ಈ ಸಭೆಯಲ್ಲಲ್ಲ. ಅದು ಕಚೇರಿಯ ಮೇಜಿನ ಮೇಲೆ ಆಗಲೇ ಮುಗಿದಿರುತ್ತದೆ. ಆದೇಶದ ಪ್ರತಿ ಕೈಸೇರಿದ ಮೇಲೆ ಹೊಸಬರು ವರದಿ ಮಾಡಿಕೊಂಡ ಪತ್ರ ಕೊಡುತ್ತಾರೆ. ಪ್ರಭಾರ ಹಸ್ತಾಂತರದ ಪ್ರಮಾಣಪತ್ರಕ್ಕೆ, ಕಚೇರಿಗಳಲ್ಲಿ ಎಲ್ಲರೂ ಸಿಟಿಸಿ ಎಂದು ಕರೆಯುವ ಕಾಗದಕ್ಕೆ, ವಹಿಸಿಕೊಟ್ಟವರು ಮತ್ತು ವಹಿಸಿಕೊಂಡವರು ಇಬ್ಬರೂ ಸಹಿ ಹಾಕುತ್ತಾರೆ. ಬೀರುವಿನ ಬೀಗದ ಕೈ, ವಿಭಾಗದ ಮೊಹರು, ದಾಸ್ತಾನು ಪುಸ್ತಕ, ನಡೆಯುತ್ತಿರುವ ಕಡತಗಳು, ಎಲ್ಲವನ್ನೂ ಎಣಿಸಿ ಒಪ್ಪಿಸಲಾಗುತ್ತದೆ. ಸಭೆ ಸೇರುವುದು ಇದಾದ ಮೇಲೆ. ಆದೇಶದಿಂದ ಮುಖ್ಯಸ್ಥರಾದವರನ್ನು ಜೊತೆಗಾರರು ತಮ್ಮ ಬಾಯಿಂದ ಮುಖ್ಯಸ್ಥರೆಂದು ಕರೆಯುವ ಮೊದಲ ಸಂದರ್ಭ ಇದು. ಸ್ವಾಗತ ಭಾಷಣಕ್ಕೆ ಇರುವ ಕೆಲಸ ಇಷ್ಟೇ. ಅದಕ್ಕೆ ನಾಲ್ಕು ನಿಮಿಷ ಸಾಕು.

ನಾಲ್ಕು ನಿಮಿಷ ಎಂದರೆ ಕಡಿಮೆ ಎನಿಸಬಹುದು. ನಾಡಗೀತೆಯನ್ನು ಪೂರ್ತಿ ಹಾಡಲು 2022ರಲ್ಲಿ ರಾಜ್ಯ ಸರ್ಕಾರ ಗೊತ್ತು ಮಾಡಿದ ಅವಧಿ 2 ನಿಮಿಷ 30 ಸೆಕೆಂಡು ಎಂಬುದನ್ನು ನೆನೆದರೆ, ನಾಲ್ಕು ನಿಮಿಷದಲ್ಲಿ ಎಷ್ಟೊಂದು ಹೇಳಬಹುದು ಎಂದು ಗೊತ್ತಾಗುತ್ತದೆ. ಕನ್ನಡದಲ್ಲಿ ಪದಗಳು ಉದ್ದ. ಒಂದೇ ಪದದಲ್ಲಿ ವಿಭಕ್ತಿ, ಕಾಲ, ಒತ್ತು ಎಲ್ಲ ಸೇರಿಕೊಂಡಿರುತ್ತವೆ. ಸಭೆಗೆ ತಕ್ಕ ನಿಧಾನದಲ್ಲಿ, ನಿಲ್ಲಬೇಕಾದಲ್ಲಿ ನಿಂತು ಓದಿದರೆ ನಿಮಿಷಕ್ಕೆ ಹೆಚ್ಚೆಂದರೆ ತೊಂಬತ್ತು-ನೂರು ಪದ ಸಾಗುತ್ತವೆ. ಹಾಗಾಗಿ ಕಾಗದದ ಮೇಲೆ 300ರಿಂದ 350 ಪದ ಇದ್ದರೆ ಭಾಷಣ ತುಂಬಿತು. ಎರಡು ಪುಟ ಬರೆದುಕೊಂಡು ಬಂದವರು ಏಳೆಂಟು ನಿಮಿಷಕ್ಕೆ ಹೋಗುತ್ತಾರೆ. ಆಮೇಲೆ ಪ್ರಾಸ್ತಾವಿಕ ನುಡಿ, ಡೀನ್ ಅವರ ಮಾತು, ಹೊಸ ಮುಖ್ಯಸ್ಥರ ಮಾತು, ವಂದನಾರ್ಪಣೆ ಎಲ್ಲ ಉಳಿದಿರುತ್ತವೆ. ಆ ದಿನ ಜನ ಕೇಳಲು ಬಂದಿರುವುದು ಹೊಸ ಮುಖ್ಯಸ್ಥರ ಮಾತನ್ನು. ಅವರ ಸರದಿ ಬರುವ ಹೊತ್ತಿಗೆ ವಿದ್ಯಾರ್ಥಿಗಳು ಬಸ್ಸಿನ ಸಮಯ ನೋಡಿಕೊಳ್ಳುತ್ತಿದ್ದರೆ ಅದಕ್ಕೆ ಸ್ವಾಗತದ ಉದ್ದವೂ ಕಾರಣ.

ಇನ್ನು ಹೇಳುವುದೇನು ಎಂಬ ಪ್ರಶ್ನೆ. ಬಹಳ ಮಂದಿ ಇಲ್ಲಿ ಪರಿಚಯ ಪತ್ರದ ಮೊರೆ ಹೋಗುತ್ತಾರೆ. ಹುಟ್ಟಿದ ಊರು, ಓದಿದ ಶಾಲೆ, ಪಿಎಚ್‌.ಡಿ. ವಿಷಯ, ಪ್ರಕಟವಾದ ಲೇಖನಗಳ ಸಂಖ್ಯೆ, ಹೋಗಿಬಂದ ವಿಚಾರ ಸಂಕಿರಣಗಳು. ಕೇಳುವವರಿಗೆ ಅದರಲ್ಲಿ ಅರ್ಧ ಮೊದಲೇ ಗೊತ್ತು, ಇನ್ನರ್ಧ ನೆನಪಿನಲ್ಲಿ ಉಳಿಯುವುದಿಲ್ಲ. ಸಂಖ್ಯೆ ಹೇಳಿದರೆ ಇನ್ನೊಂದು ತೊಂದರೆಯೂ ಇದೆ. ಅದೇ ಕೋಣೆಯಲ್ಲಿ ಅವರಿಗಿಂತ ಹೆಚ್ಚು ಲೇಖನ ಬರೆದವರು ಒಬ್ಬರಾದರೂ ಕೂತಿರುತ್ತಾರೆ. ನನ್ನ ಮಟ್ಟಿಗೆ ಈ ಭಾಷಣಕ್ಕೆ ಬೇಕಾದದ್ದು ಒಂದೇ ಒಂದು ಸಂಗತಿ. ಆ ವ್ಯಕ್ತಿ ಈ ವಿಭಾಗಕ್ಕಾಗಿ ಮಾಡಿದ, ಸಭೆಯಲ್ಲಿರುವ ಕೆಲವರಾದರೂ ಕಣ್ಣಾರೆ ಕಂಡ ಒಂದು ಕೆಲಸ. ಅದನ್ನು ಸರಿಯಾಗಿ ಹೇಳಿದರೆ ‘ಕರ್ತವ್ಯನಿಷ್ಠರು’, ‘ಸರಳ ಸಜ್ಜನಿಕೆಯವರು’ ಎಂಬ ಮಾತುಗಳ ಅಗತ್ಯವೇ ಬೀಳುವುದಿಲ್ಲ.

ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ. ಮಲೆನಾಡಿನ ಅಂಚಿನ ಒಂದು ವಿಶ್ವವಿದ್ಯಾಲಯದ ಸಸ್ಯವಿಜ್ಞಾನ ವಿಭಾಗ ಎಂದಿಟ್ಟುಕೊಳ್ಳಿ. ಹೊಸ ಮುಖ್ಯಸ್ಥರು ಮಹಿಳೆ, 17 ವರ್ಷದಿಂದ ಅಲ್ಲೇ ಪಾಠ ಮಾಡುತ್ತಿರುವವರು. ಹಳೆಯ ಮುಖ್ಯಸ್ಥರು ಅವರಿಗಿಂತ ಹಿರಿಯರು, ನಿವೃತ್ತಿಗೆ ಇನ್ನೂ ಕೆಲವು ವರ್ಷ ಇರುವವರು. ಸ್ವಾಗತ ಕೋರಬೇಕಾದವರು ವಿಭಾಗದ ಸಹ ಪ್ರಾಧ್ಯಾಪಕರೊಬ್ಬರು. ಅವರು ಮೊದಲು ಮಾಡಬೇಕಾದ ಕೆಲಸ ಬರೆಯುವುದಲ್ಲ, ವಿಚಾರಿಸುವುದು. ಪ್ರಯೋಗಾಲಯದ ಸಹಾಯಕರನ್ನು, ಸಂಶೋಧನಾ ವಿದ್ಯಾರ್ಥಿಗಳನ್ನು, ಕಚೇರಿಯ ಹಿರಿಯ ಗುಮಾಸ್ತರನ್ನು ‘ಮೇಡಂ ಮಾಡಿದ್ದರಲ್ಲಿ ನಿಮಗೆ ನೆನಪಿರುವುದು ಯಾವುದು’ ಎಂದು ಕೇಳಿದರೆ, ಅವರ ವೈಯಕ್ತಿಕ ವಿವರ ಪತ್ರದಲ್ಲಿ ಎಲ್ಲೂ ಇಲ್ಲದ ಸಂಗತಿ ಸಿಗುತ್ತದೆ.

ನಮ್ಮ ಉದಾಹರಣೆಯಲ್ಲಿ ಸಿಕ್ಕಿದ್ದು ಹರ್ಬೇರಿಯಂನ ಕಥೆ. ಒತ್ತಿ ಒಣಗಿಸಿದ ಗಿಡಗಳನ್ನು ದಪ್ಪ ಹಾಳೆಗೆ ಅಂಟಿಸಿ ಬೀರುಗಳಲ್ಲಿ ಜೋಡಿಸಿಟ್ಟ ಸಂಗ್ರಹ ಅದು. ಹಾಳೆಯ ಬಲಗಡೆ ಕೆಳಮೂಲೆಯಲ್ಲಿ ಒಂದು ಚೀಟಿ ಇರುತ್ತದೆ. ಗಿಡದ ಹೆಸರು, ಸಿಕ್ಕಿದ ಜಾಗ, ತಾರೀಖು, ಸಂಗ್ರಹಿಸಿದವರ ಹೆಸರು, ಸಂಗ್ರಹದ ಸಂಖ್ಯೆ ಅದರಲ್ಲಿರುತ್ತವೆ. ಗಿಡ ಚೆನ್ನಾಗಿದ್ದು ಚೀಟಿ ಹೋದರೆ ಆ ಹಾಳೆಯಿಂದ ಸಂಶೋಧನೆಗೆ ಹೆಚ್ಚು ಉಪಯೋಗವಿಲ್ಲ, ಏಕೆಂದರೆ ಅದು ಎಲ್ಲಿ, ಯಾವಾಗ ಬೆಳೆದಿತ್ತು ಎಂದು ಹೇಳುವವರು ಯಾರೂ ಇರುವುದಿಲ್ಲ. ಒಂದು ಮಳೆಗಾಲ ತಾರಸಿ ಸೋರಿ ಎರಡು ಬೀರುಗಳಿಗೆ ನೀರು ಇಳಿಯಿತು. ಹಾಳೆಗಳು ಒದ್ದೆಯಾದವು, ಬೂಷ್ಟು ಹಿಡಿಯತೊಡಗಿತು, ಶಾಯಿಯಲ್ಲಿ ಬರೆದ ಚೀಟಿಗಳು ಕದಡಿಹೋದವು. ಮೇಡಂ ಹಾಳೆಗಳನ್ನು ಒಂದೊಂದಾಗಿ ಹೊರತೆಗೆಸಿ, ಹಳೆಯ ಪತ್ರಿಕೆಗಳ ನಡುವೆ ಇಟ್ಟು, ದಿನಾ ಕಾಗದ ಬದಲಾಯಿಸಿ ಫ್ಯಾನಿನ ಕೆಳಗೆ ಒಣಗಿಸಿದರು. ಬಿಸಿಲಿಗೆ ಹಾಕಲು ಬಿಡಲಿಲ್ಲ, ಎಲೆ ಸುರುಟಿ ಒಡೆಯುತ್ತದೆ ಎಂದು. ಚೀಟಿ ಓದಲಾಗದ ಹಾಳೆಗಳಲ್ಲಿ ಸಂಖ್ಯೆಯೊಂದು ಉಳಿದಿದ್ದರೂ ಸಾಕು ಎಂದು, ಹಿಂದಿನ ಅಧ್ಯಾಪಕರು ಕಾಡಿಗೆ ಹೋದಾಗ ಬರೆದಿಟ್ಟ ಟಿಪ್ಪಣಿ ಪುಸ್ತಕಗಳನ್ನು ಹುಡುಕಿಸಿ, ಸಂಖ್ಯೆಗೆ ಸಂಖ್ಯೆ ಹೊಂದಿಸಿ, ಜಾಗ ಮತ್ತು ತಾರೀಖುಗಳನ್ನು ಮತ್ತೆ ಬರೆಸಿದರು. ಈ ಸಲ ಪೆನ್ಸಿಲಿನಲ್ಲಿ, ಏಕೆಂದರೆ ಪೆನ್ಸಿಲ್ ಬರಹ ನೀರಿಗೆ ಕದಡುವುದಿಲ್ಲ.

ಈ ಕೆಲಸಕ್ಕೆ ಯಾವ ಪ್ರಶಸ್ತಿಯೂ ಇಲ್ಲ, ಬಡ್ತಿಗೆ ಅಂಕವೂ ಇಲ್ಲ. ಒಂದು ವಿಭಾಗವನ್ನು ನಡೆಸುವವರಿಗೆ ಬೇಕಾದ ಗುಣವೆಲ್ಲ ಮಾತ್ರ ಅದರಲ್ಲಿದೆ. ಇನ್ನು ಭಾಷಣ ಹೀಗೆ ಬರಬಹುದು:

“ವೇದಿಕೆಯ ಮೇಲಿರುವ ಮಾನ್ಯ ಡೀನ್ ಅವರೇ, ನಮ್ಮ ವಿಭಾಗದ ನೂತನ ಮುಖ್ಯಸ್ಥರಾದ ಮೇಡಂ ಅವರೇ, ಇದುವರೆಗೆ ವಿಭಾಗವನ್ನು ಮುನ್ನಡೆಸಿದ ನಮ್ಮ ಹಿರಿಯರಾದ ಸರ್ ಅವರೇ, ಅಧ್ಯಾಪಕ ಮಿತ್ರರೇ, ಅತಿಥಿ ಉಪನ್ಯಾಸಕರೇ, ಕಚೇರಿ ಮತ್ತು ಪ್ರಯೋಗಾಲಯದ ಸಿಬ್ಬಂದಿಯವರೇ, ಸಂಶೋಧನಾರ್ಥಿಗಳೇ, ವಿದ್ಯಾರ್ಥಿಗಳೇ, ನಿಮಗೆಲ್ಲ ನಮಸ್ಕಾರ.

“ಮೇಡಂ ಅವರನ್ನು ಈ ವಿಭಾಗಕ್ಕೆ ಸ್ವಾಗತಿಸುವ ಅಗತ್ಯವಿಲ್ಲ. 17 ವರ್ಷಗಳಿಂದ ಅವರು ಇಲ್ಲಿಯವರು. ಇಂದು ನಾವು ಅವರನ್ನು ಸ್ವಾಗತಿಸುತ್ತಿರುವುದು ವಿಭಾಗದ ಮುಖ್ಯಸ್ಥರ ಜವಾಬ್ದಾರಿಗೆ. ಆ ಜವಾಬ್ದಾರಿ ಅವರ ಕೈಗೆ ಬಂದಿರುವುದು ನಮಗೆಲ್ಲ ಸಂತೋಷ ತಂದಿದೆ.

“ಹೊಸ ವಿದ್ಯಾರ್ಥಿಗಳಿಗೆ ತಿಳಿಯಲೆಂದು ಒಂದು ಸಂಗತಿ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಹರ್ಬೇರಿಯಂ ಕೋಣೆಗೆ ಮಳೆನೀರು ಇಳಿದು ಎರಡು ಬೀರು ಹಾಳೆಗಳು ನೆನೆದವು. ಕೆಲವು ಗಿಡಗಳು ಸಿಕ್ಕಿದ ಜಾಗದಲ್ಲಿ ಈಗ ಕಾಡೇ ಇಲ್ಲ. ಅವು ಹೋಗಿದ್ದರೆ ಮತ್ತೆ ತರಲು ಸಾಧ್ಯವಿರಲಿಲ್ಲ. ಆ ಮಳೆಗಾಲ ಪೂರ್ತಿ ಮೇಡಂ ತರಗತಿ ಮುಗಿಸಿ ನೇರವಾಗಿ ಆ ಕೋಣೆಗೆ ಬರುತ್ತಿದ್ದರು. ದಿನಾ ಕಾಗದ ಬದಲಾಯಿಸಿ ಹಾಳೆಗಳನ್ನು ಒಣಗಿಸಿದರು. ಚೀಟಿ ಅಳಿಸಿಹೋದ ಹಾಳೆಗಳಿಗೆ ಹಳೆಯ ಟಿಪ್ಪಣಿ ಪುಸ್ತಕಗಳಿಂದ ಜಾಗ, ತಾರೀಖು ಹುಡುಕಿ ಬರೆಸಿದರು. ಅವರ ಜೊತೆ ನಿಂತು ಕೆಲಸ ಮಾಡಿದ ನಮ್ಮ ಪ್ರಯೋಗಾಲಯದ ಸಹಾಯಕರು ಇಲ್ಲೇ ಇದ್ದಾರೆ. ಇಂದು ನೀವು ಆ ಬೀರು ತೆರೆದರೆ ಪೆನ್ಸಿಲಿನಲ್ಲಿ ಬರೆದ ಚೀಟಿಗಳು ಕಾಣುತ್ತವೆ. ಅವು ಆ ಮಳೆಗಾಲದವು.

“ನಮ್ಮ ಸರ್ ಅವರ ಅವಧಿಯಲ್ಲಿ ಆ ಕೋಣೆಯ ಬಾಗಿಲು ವಿದ್ಯಾರ್ಥಿಗಳಿಗೆ ಸಂಜೆ ಐದೂವರೆಯವರೆಗೆ ತೆರೆದಿರುವಂತಾಯಿತು. ಅದಕ್ಕೂ ಮೊದಲು ಬೀಗದ ಕೈಗಾಗಿ ಅರ್ಜಿ ಬರೆಯಬೇಕಿತ್ತು. ಸರ್, ನಿಮ್ಮ ತರಗತಿಗಳೂ ನಿಮ್ಮ ಸಲಹೆಯೂ ನಮಗೆ ಮುಂದೆಯೂ ಸಿಗುತ್ತವೆ ಎಂಬುದು ನಮ್ಮ ಭಾಗ್ಯ. ವಿಭಾಗದ ಪರವಾಗಿ ನಿಮಗೆ ಕೃತಜ್ಞತೆಗಳು.

“ಮೇಡಂ, ಅಧ್ಯಾಪಕರು, ಅತಿಥಿ ಉಪನ್ಯಾಸಕರು, ಸಿಬ್ಬಂದಿ, ವಿದ್ಯಾರ್ಥಿಗಳು, ನಾವೆಲ್ಲ ನಿಮ್ಮೊಂದಿಗಿದ್ದೇವೆ. ವಿಭಾಗದ ಎಲ್ಲರ ಪರವಾಗಿ ನಿಮ್ಮನ್ನು ಆದರದಿಂದ ಸ್ವಾಗತಿಸುತ್ತೇನೆ. ಈ ಸಮಾರಂಭಕ್ಕೆ ಬಿಡುವು ಮಾಡಿಕೊಂಡು ಬಂದಿರುವ ಡೀನ್ ಅವರಿಗೂ, ಸೇರಿರುವ ನಿಮ್ಮೆಲ್ಲರಿಗೂ ಸ್ವಾಗತ. ನಮಸ್ಕಾರ.”

ನಿಧಾನವಾಗಿ ಓದಿದರೂ ಇದು ಮೂರು ನಿಮಿಷ ದಾಟುವುದಿಲ್ಲ. ಪುಸ್ತಕ ಕೊಡುವುದಕ್ಕೆ, ಚಪ್ಪಾಳೆಗೆ ಒಂದು ನಿಮಿಷ ಉಳಿಯುತ್ತದೆ. ಸರ್ಕಾರಿ ಸಮಾರಂಭಗಳಲ್ಲಿ ಹಾರ, ಶಾಲು, ಹೂಗುಚ್ಛದ ಬದಲು ಕನ್ನಡ ಪುಸ್ತಕ ಕೊಡಬೇಕೆಂದು 2021ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ಸುತ್ತೋಲೆ ಹೊರಡಿಸಿದ ಮೇಲೆ ಅನೇಕ ಕಡೆ ಪುಸ್ತಕವೇ ರೂಢಿಯಾಗಿದೆ. ಕೊಡುವ ಪುಸ್ತಕ ಯಾವುದೆಂದು ಸ್ವಾಗತ ಕೋರುವವರಿಗೆ ಮೊದಲೇ ತಿಳಿದಿರಲಿ. ಹಿಂದಿನ ದಿನ ಅಂಗಡಿಗೆ ಹೋದವರು ಕೈಗೆ ಸಿಕ್ಕಿದ್ದನ್ನು ತಂದಿದ್ದರೆ, ಅದು ಮೇಡಂ ಅವರ ಬಳಿ ಆಗಲೇ ಇರುವ ಪುಸ್ತಕವೂ ಆಗಿರಬಹುದು.

ಈಗ ಆ ಭಾಷಣದ ಒಳಗೆ ಒಂದೆರಡು ಕಡೆ ನಿಲ್ಲೋಣ. ಹರ್ಬೇರಿಯಂ ಕಥೆಯಲ್ಲಿ ಮೇಡಂ ಅವರ ಗುಣ ಇಂಥದ್ದು ಎಂದು ಎಲ್ಲೂ ಹೇಳಿಲ್ಲ. ಮಾಡಿದ್ದನ್ನಷ್ಟೇ ಹೇಳಿದೆ. ಕೇಳಿದವರು ತಮ್ಮಷ್ಟಕ್ಕೆ ತಾವು ತೀರ್ಮಾನಕ್ಕೆ ಬರುತ್ತಾರೆ, ಅದಕ್ಕೆ ಆಕ್ಷೇಪಿಸುವವರೂ ಇರುವುದಿಲ್ಲ. ಜೊತೆಗೆ ಪ್ರಯೋಗಾಲಯದ ಸಹಾಯಕರ ಪ್ರಸ್ತಾಪ ಬಂದಿದೆ. ಅದು ಔದಾರ್ಯಕ್ಕಾಗಿ ಸೇರಿಸಿದ ಮಾತಲ್ಲ. ಎರಡು ಬೀರು ಹಾಳೆಗಳನ್ನು ಒಬ್ಬರೇ ಒಣಗಿಸಲು ಆಗುವುದಿಲ್ಲ ಎಂದು ಸಭೆಗೆ ಗೊತ್ತು. ಕೆಲಸ ಮಾಡಿದ ಇನ್ನೊಬ್ಬರ ಹೆಸರು ಬಿಟ್ಟರೆ ಕಥೆಯೇ ಅನುಮಾನಕ್ಕೆ ಗುರಿಯಾಗುತ್ತದೆ. ನಿಜವಾದ ಭಾಷಣದಲ್ಲಿ ಅವರನ್ನು ಹೆಸರು ಹಿಡಿದೇ ಕರೆಯಬೇಕು.

ಹಳೆಯ ಮುಖ್ಯಸ್ಥರ ಬಗೆಗಿನ ಮಾತನ್ನು ಅದೇ ಕೋಣೆಗೆ ಸಂಬಂಧಿಸಿ ಹೇಳಿರುವುದು ಸುಮ್ಮನೆ ಅಲ್ಲ. ಹೊಸಬರಿಗೆ ಒಂದು ಕಥೆ, ಹಳಬರಿಗೆ ಇನ್ನೊಂದು ಕಥೆ ಎಂದು ಬೇರೆ ಬೇರೆ ಹೇಳಿದರೆ ಕೇಳುವವರು ತಕ್ಕಡಿ ಹಿಡಿದು ಕೂರುತ್ತಾರೆ. ಒಬ್ಬರು ಉಳಿಸಿದ್ದನ್ನು ಇನ್ನೊಬ್ಬರು ಎಲ್ಲರಿಗೂ ತೆರೆದರು ಎಂದಾಗ ಇಬ್ಬರೂ ಒಂದೇ ಕೆಲಸದಲ್ಲಿ ತೊಡಗಿದವರಾಗಿ ಕಾಣುತ್ತಾರೆ. ಇಲ್ಲಿ ಜನ ಎಡವುವ ಜಾಗ ಒಂದಿದೆ. ‘ಇನ್ನು ಮುಂದೆ ವಿಭಾಗಕ್ಕೆ ಹೊಸ ದಿಕ್ಕು ಸಿಗಲಿದೆ’, ‘ಇದುವರೆಗೆ ನನೆಗುದಿಗೆ ಬಿದ್ದಿದ್ದ ಕೆಲಸಗಳು ಚುರುಕಾಗಲಿವೆ’ ಎಂಬಂಥ ಮಾತುಗಳು. ಹೇಳುವವರ ಮನಸ್ಸಿನಲ್ಲಿ ಏನೂ ಇರುವುದಿಲ್ಲ, ಎಲ್ಲೋ ಕೇಳಿದ ವಾಕ್ಯವನ್ನು ಹೇಳುತ್ತಾರೆ. ಮುಂದಿನ ಸಾಲಿನಲ್ಲಿ ಕೂತವರಿಗೆ ಮಾತ್ರ ‘ಹಾಗಾದರೆ ನನ್ನ ಕಾಲದಲ್ಲಿ ದಿಕ್ಕಿರಲಿಲ್ಲವೇ’ ಎಂದು ಕೇಳಿಸುತ್ತದೆ. ಬರೆದ ಪ್ರತಿಯನ್ನು ಒಮ್ಮೆ ಪೂರ್ತಿಯಾಗಿ ಹಳೆಯ ಮುಖ್ಯಸ್ಥರ ಜಾಗದಲ್ಲಿ ಕೂತು ಓದಿಕೊಂಡರೆ ಇಂಥ ವಾಕ್ಯಗಳು ತಾವಾಗಿಯೇ ಸಿಕ್ಕಿಬೀಳುತ್ತವೆ.

ಮುಖ್ಯಸ್ಥರು ಮಹಿಳೆಯಾದಾಗ ತಪ್ಪದೆ ಕೇಳಿಬರುವ ಇನ್ನೊಂದು ವಾಕ್ಯವಿದೆ: ‘ಮನೆ ಮತ್ತು ವಿಭಾಗ ಎರಡನ್ನೂ ಸಮರ್ಥವಾಗಿ ನಿಭಾಯಿಸಿಕೊಂಡು ಬಂದವರು’. ಹೊಗಳಿಕೆ ಎಂದುಕೊಂಡೇ ಇದನ್ನು ಹೇಳುತ್ತಾರೆ. ಗಂಡಸು ಮುಖ್ಯಸ್ಥರಾದ ದಿನ ಅವರ ಮನೆಯ ಅಡುಗೆ, ಮಕ್ಕಳ ಓದು ಯಾರ ಬಾಯಲ್ಲೂ ಬರುವುದಿಲ್ಲ. ಹೆಂಗಸಿನ ವಿಷಯದಲ್ಲಿ ಮಾತ್ರ ಅದು ಭಾಷಣಕ್ಕೆ ಬರುವುದು ನನಗೆ ನೋವಿನ ಸಂಗತಿ. ಆ ಒಂದು ವಾಕ್ಯದಿಂದ 17 ವರ್ಷದ ಕೆಲಸ ಸಂಸಾರದ ಜೊತೆಗೆ ಹೇಗೋ ತೂಗಿಸಿಕೊಂಡು ಬಂದ ಸಾಹಸದಂತೆ ಕೇಳಿಸುತ್ತದೆ. ‘ವಿಭಾಗದ ತಾಯಿ’ ಎಂಬ ಮಾತೂ ಅಷ್ಟೇ. ಗೌರವ ತೋರಿಸಲು ‘ಮುಖ್ಯಸ್ಥರು’ ಎಂಬ ಪದ ಸಾಕಾಗುತ್ತದೆ.

ಗೌರವದ ವಿಷಯ ಬಂದಾಗ ಇನ್ನೊಂದು ಸನ್ನಿವೇಶ. ಕೆಲವು ಸಲ ಹೊಸ ಮುಖ್ಯಸ್ಥರು ಸ್ವಾಗತ ಕೋರುವವರ ಶಿಷ್ಯರೇ ಆಗಿರುತ್ತಾರೆ. ನಮ್ಮ ವಿಭಾಗಗಳಲ್ಲಿ ಇದು ಅಪರೂಪವೇನಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ತರಗತಿ 1927ರಲ್ಲಿ ಆರಂಭವಾದಾಗ ಅಲ್ಲಿ ಪಾಠ ಹೇಳಿದವರು ಟಿ.ಎಸ್. ವೆಂಕಣ್ಣಯ್ಯ. ಆ ಮೊದಲ ತಂಡದ ವಿದ್ಯಾರ್ಥಿಯಾಗಿದ್ದ ಕುವೆಂಪು ಮುಂದೆ ಅಲ್ಲೇ ಅಧ್ಯಾಪಕರಾದರು, 1946ರಲ್ಲಿ ಪ್ರಾಧ್ಯಾಪಕರಾದರು, 1956ರಲ್ಲಿ ಕುಲಪತಿಯೂ ಆದರು. ವೆಂಕಣ್ಣಯ್ಯನವರು 1939ರಲ್ಲೇ ತೀರಿಕೊಂಡಿದ್ದರು, ಶಿಷ್ಯನ ಆ ದಿನಗಳನ್ನು ಅವರು ಕಾಣಲಿಲ್ಲ. ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಕುವೆಂಪು ಅರ್ಪಿಸಿದ್ದು ಈ ಗುರುವಿಗೇ. ಇಂಥ ಗುರುಶಿಷ್ಯ ಪರಂಪರೆ ವಿಭಾಗಕ್ಕೆ ಇದ್ದರೆ ಸ್ವಾಗತ ಭಾಷಣದಲ್ಲಿ ಒಂದು ವಾಕ್ಯದಲ್ಲಿ ಅದನ್ನು ಸ್ಮರಿಸಬಹುದು, ಒಂದೇ ವಾಕ್ಯ. ‘ಇದೇ ಪ್ರಯೋಗಾಲಯದಲ್ಲಿ ನಮ್ಮ ಹಿರಿಯ ಗುರುಗಳ ಬಳಿ ಕಲಿತವರು’ ಎಂದರೆ ಹಿರಿಯರಿಗೂ ಸಂದಿತು. ಆದರೆ ಶಿಷ್ಯನನ್ನು ಸ್ವಾಗತಿಸುವ ಗುರು ವೇದಿಕೆಯ ಮೇಲೆ ‘ನಮ್ಮ ಹುಡುಗ’, ‘ನನ್ನ ಕೈಯಲ್ಲಿ ಬೆಳೆದವನು’ ಎನ್ನುವುದು ಬೇಡ. ಕೋಣೆಯೊಳಗೆ ಏಕವಚನ ಪ್ರೀತಿಯದು. ಸಭೆಯಲ್ಲಿ ಅದೇ ಏಕವಚನ ಕೇಳಿದ ಅಟೆಂಡರ್‌ನಿಂದ ಹಿಡಿದು ವಿದ್ಯಾರ್ಥಿಯವರೆಗೆ ಎಲ್ಲರೂ ಹೊಸ ಮುಖ್ಯಸ್ಥರ ಮಾತಿಗೆ ಎಷ್ಟು ಬೆಲೆ ಕೊಡಬೇಕೆಂದು ಲೆಕ್ಕ ಹಾಕಿಕೊಳ್ಳುತ್ತಾರೆ. ಆ ದಿನ ‘ಅವರು’ ಎಂದೇ ಹೇಳಬೇಕು.

ಸಂಬೋಧನೆಯಲ್ಲಿ ಅತಿಥಿ ಉಪನ್ಯಾಸಕರನ್ನು ಬೇರೆಯಾಗಿ ಹೆಸರಿಸಿರುವುದನ್ನು ಗಮನಿಸಿರಬಹುದು. ನಮ್ಮ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಪಾಠದ ದೊಡ್ಡ ಪಾಲು ಇವತ್ತು ಅವರ ಮೇಲೆಯೇ ನಿಂತಿದೆ. ‘ಅಧ್ಯಾಪಕ ಮಿತ್ರರೇ’ ಎಂಬುದರಲ್ಲಿ ಅವರೂ ಸೇರಿದರಲ್ಲ ಎಂದು ಹೇಳುವವರು ಕಾಯಂ ಹುದ್ದೆಯಲ್ಲಿರುವವರು. ವರ್ಷ ವರ್ಷವೂ ಮತ್ತೆ ಅರ್ಜಿ ಹಾಕಿ ಬರಬೇಕಾದವರಿಗೆ ಆ ಪದದೊಳಗೆ ತಾವಿದ್ದೇವೆಯೇ ಎಂಬ ಅನುಮಾನ ಸದಾ ಇರುತ್ತದೆ. ಎರಡು ಪದ ಹೆಚ್ಚು ಹೇಳಿದರೆ ಆ ಅನುಮಾನ ಅಷ್ಟು ಹೊತ್ತಾದರೂ ದೂರವಾಗುತ್ತದೆ. ಹಾಗೆಂದು ಸಂಬೋಧನೆಯನ್ನು ಪಟ್ಟಿ ಮಾಡುತ್ತ ಹೋಗಬಾರದು. ವೇದಿಕೆಯ ಮೇಲಿರುವವರನ್ನು ಹುದ್ದೆಯ ಕ್ರಮದಲ್ಲಿ, ಸಭೆಯಲ್ಲಿರುವವರನ್ನು ಗುಂಪುಗಳಾಗಿ ಕರೆದರೆ ಸಾಕು. ಕುಲಸಚಿವರೋ ಡೀನ್ ಅವರೋ ಯಾರು ಮೊದಲು ಎಂಬುದನ್ನು ಆಹ್ವಾನ ಪತ್ರಿಕೆ ಅಚ್ಚಾಗುವ ಮೊದಲೇ ಕಚೇರಿಯಲ್ಲಿ ಕೇಳಿ, ಪತ್ರಿಕೆಯಲ್ಲಿದ್ದ ಕ್ರಮವನ್ನೇ ಭಾಷಣದಲ್ಲೂ ಇಟ್ಟುಕೊಳ್ಳಬೇಕು. ಎರಡೂ ಕಡೆ ಕ್ರಮ ಬೇರೆಯಾದರೆ ಯಾರಾದರೊಬ್ಬರಿಗೆ ಬೇಸರ ಖಂಡಿತ.

ಭಾಷಣದಿಂದ ಹೊರಗಿಡಬೇಕಾದದ್ದು ಮುಖ್ಯವಾಗಿ ಒಂದು: ಬೇಡಿಕೆ. ಸೂಕ್ಷ್ಮದರ್ಶಕಗಳು ಕೆಟ್ಟಿವೆ, ಎರಡು ಹುದ್ದೆ ಖಾಲಿ ಇವೆ, ಸಂಶೋಧನಾರ್ಥಿಗಳಿಗೆ ಕೂರಲು ಜಾಗವಿಲ್ಲ. ಡೀನ್ ಅವರೂ ಇದ್ದಾರೆ, ಸಂದರ್ಭ ಚೆನ್ನಾಗಿದೆ, ಹೇಳಿಬಿಡೋಣ ಎನಿಸುವುದು ಸಹಜ. ಬೇಡಿಕೆ ನ್ಯಾಯವಾದದ್ದೇ ಇರಬಹುದು. ಆದರೆ ಆ ಮಾತು ಬಂದ ಕೂಡಲೇ ಹೊಸ ಮುಖ್ಯಸ್ಥರು ತಮ್ಮ ಮೊದಲ ಮಾತನ್ನು ಉತ್ತರ ಕೊಡುವುದರಿಂದ ಶುರು ಮಾಡಬೇಕಾಗುತ್ತದೆ. ಕಡತ ಇನ್ನೂ ನೋಡಿರದ ಅವರು ‘ನೋಡೋಣ, ಪ್ರಯತ್ನಿಸುತ್ತೇನೆ’ ಎನ್ನಬೇಕು, ಇಲ್ಲವೇ ಆಗದ ಭರವಸೆ ಕೊಡಬೇಕು. ಅದೇ ಬೇಡಿಕೆಯನ್ನು ವಾರದೊಳಗೆ ನಡೆಯುವ ವಿಭಾಗೀಯ ಮಂಡಳಿಯ ಸಭೆಗೆ ಲಿಖಿತವಾಗಿ ತಂದರೆ ನಡಾವಳಿಯಲ್ಲಿ ದಾಖಲಾಗುತ್ತದೆ, ಮೇಲಿನ ಕಚೇರಿಗೆ ಪತ್ರವೂ ಹೋಗುತ್ತದೆ. ಸ್ವಾಗತ ಭಾಷಣದಲ್ಲಿ ಹೇಳಿದ್ದಕ್ಕೆ ಎಲ್ಲೂ ದಾಖಲೆಯಿಲ್ಲ.

ಹೇಳುವ ರೀತಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕಾಗದ ನೋಡಿ ಓದುವುದರಲ್ಲಿ ತಪ್ಪೇನಿಲ್ಲ. ಹೆಸರು, ಹುದ್ದೆ, ವರ್ಷಗಳನ್ನು ಓದಿಯೇ ಹೇಳುವುದು ಒಳ್ಳೆಯದು. ಆ ಒಂದು ಕಥೆಯನ್ನು ಮಾತ್ರ ಕಾಗದದಿಂದ ಕಣ್ಣೆತ್ತಿ, ವಿದ್ಯಾರ್ಥಿಗಳ ಕಡೆ ನೋಡಿ ಹೇಳಬೇಕು. ಹಿಂದಿನ ದಿನ ಹೊಸ ಮುಖ್ಯಸ್ಥರಿಗೆ ಆ ಭಾಗವನ್ನು ತೋರಿಸಿಬಿಟ್ಟರೆ ವರ್ಷ ತಪ್ಪಿದ್ದರೆ ತಿದ್ದುತ್ತಾರೆ, ಬೇಡವೆನಿಸಿದ್ದನ್ನು ಬಿಡಿಸುತ್ತಾರೆ. ಇನಿಷಿಯಲ್ ತಪ್ಪುವುದು, ಡಾಕ್ಟರ್ ಪದವಿ ಬಿಟ್ಟುಹೋಗುವುದು, ಪೂರ್ಣಾವಧಿ ಮುಖ್ಯಸ್ಥರನ್ನು ಬಾಯಿತಪ್ಪಿ ‘ಪ್ರಭಾರ ಮುಖ್ಯಸ್ಥರು’ ಎನ್ನುವುದು, ಇವು ಸಣ್ಣವಾಗಿ ಕಂಡರೂ ಆ ದಿನ ಮರೆಯಲಾಗದವು.

ಇಷ್ಟೂ ಹೊತ್ತು ಒಳಗಿನವರನ್ನು ಸ್ವಾಗತಿಸುವುದರ ಬಗ್ಗೆ ಹೇಳಿದ್ದಾಯಿತು. ನೇಮಕಾತಿಯಿಂದಲೋ ವರ್ಗಾವಣೆಯಿಂದಲೋ ನಿಜವಾಗಿ ಹೊರಗಿನಿಂದ ಬಂದವರಿದ್ದರೆ ಭಾಷಣದ ಮುಖ ತಿರುಗುತ್ತದೆ. ಅವರ ಕೆಲಸವನ್ನು ಸಭೆ ಕಂಡಿಲ್ಲ, ಹಾಗಾಗಿ ಕಂಡಂತೆ ಹೇಳುವುದು ಸಲ್ಲ. ಅವರ ಹಿಂದಿನ ಸಂಸ್ಥೆಯಲ್ಲಿ ಪರಿಚಿತರಿದ್ದರೆ ಒಂದು ಸಂಗತಿ ಕೇಳಿ ತಿಳಿದು, ‘ನಾವು ಕೇಳಿರುವಂತೆ’ ಎಂದು ಸೇರಿಸಿಯೇ ಹೇಳಬಹುದು. ಅದಕ್ಕಿಂತ ಉಪಯೋಗಕ್ಕೆ ಬರುವುದು ಅವರಿಗೆ ವಿಭಾಗವನ್ನು ಪರಿಚಯಿಸುವುದು. ನಮ್ಮ ಉದಾಹರಣೆಯ ವಿಭಾಗದಲ್ಲಾದರೆ ಹರ್ಬೇರಿಯಂ ಕಥೆ ಹಾಗೆಯೇ ಉಳಿಯುತ್ತದೆ, ಹೇಳುವ ಉದ್ದೇಶ ಮಾತ್ರ ಬೇರೆಯಾಗುತ್ತದೆ: ಇಲ್ಲಿ ಇಂಥದೊಂದು ಸಂಗ್ರಹವಿದೆ, ಅದು ನೆನೆದಾಗ ಇಂಥವರು ಉಳಿಸಿಕೊಂಡರು, ಸಭೆ ಮುಗಿದ ಮೇಲೆ ಅವರೇ ನಿಮ್ಮನ್ನು ಆ ಕೋಣೆಗೆ ಕರೆದುಕೊಂಡು ಹೋಗುತ್ತಾರೆ. ಹೊಸಬರಿಗೆ ಇಬ್ಬರು-ಮೂವರ ಹೆಸರು ತಿಳಿಯಿತು, ವಿಭಾಗ ಯಾವುದನ್ನು ಬೆಲೆಬಾಳುವುದೆಂದು ಕಾಯುತ್ತಿದೆ ಎಂಬುದೂ ತಿಳಿಯಿತು. ಅವರು ಉತ್ತರವಾಗಿ ಮಾತಾಡಲು ಎದ್ದಾಗ ‘ಆ ಕೋಣೆಯನ್ನು ನೋಡಲು ಕಾಯುತ್ತಿದ್ದೇನೆ’ ಎನ್ನಲು ಅವರಿಗೊಂದು ಎಳೆ ಸಿಕ್ಕಿರುತ್ತದೆ.